"ನನ್ನ ಲೋಕಲ್‌ನಲ್ಲಿ ಬರುತ್ತಿಲ್ಲ" ಎಂದವರಿಗೆ ಬರೆದ ಉತ್ತರ

ನಾನು ದಾಖಲಿಸಿದ್ದ ಒಂದು ಬಗ್ ಮೂರನೆಯ ದಿನ ನನ್ನ ಬಳಿಗೇ ಮರಳಿ ಬಂದಿತು. ಡೆವಲಪರ್ ಅದನ್ನು Cannot Reproduce ಎಂಬ ಕಾರಣ ನೀಡಿ ಮುಚ್ಚಿದ್ದರು. ಕೆಳಗೆ ಚಿಕ್ಕದೊಂದು ಟಿಪ್ಪಣಿ ಇತ್ತು: "ಲೋಕಲ್‌ನಲ್ಲಿ ಹತ್ತು ಸಲ ಪ್ರಯತ್ನಿಸಿ ನೋಡಿದೆ, ಒಮ್ಮೆಯೂ ಬರಲಿಲ್ಲ. ಮತ್ತೆ ಕಂಡುಬಂದರೆ ತಿಳಿಸಿ." ಲೋಕಲ್ ಎಂದರೆ ಅವರ ಸ್ವಂತ ಮಷೀನು. ಟೆಸ್ಟಿಂಗ್ ಕೆಲಸದಲ್ಲಿರುವವರಿಗೆ ಇಂಥ ಟಿಪ್ಪಣಿ ಹೊಸದಲ್ಲ. ಬಗ್‌ಜಿಲ್ಲಾ ಎಂಬ ದೋಷ ದಾಖಲೆ ವ್ಯವಸ್ಥೆಯಲ್ಲಿ ಇದೇ ಕಾರಣಕ್ಕೆ WORKSFORME ಎಂಬ ಹೆಸರಿದೆ. ನನಗೆ ಆ ಹೆಸರೇ ಹೆಚ್ಚು ಪ್ರಾಮಾಣಿಕವಾದದ್ದು ಎನಿಸುತ್ತದೆ, ಏಕೆಂದರೆ ದೋಷವೇ ಇಲ್ಲ ಎಂದು ಅದು ಹೇಳುವುದಿಲ್ಲ. ಹೇಳುತ್ತಿರುವವರು ತಮ್ಮ ಮಷೀನಿನ ಮುಂದೆ ಕುಳಿತು ಕಂಡದ್ದನ್ನಷ್ಟೇ ಹೇಳುತ್ತದೆ.

ಬಗ್ ಏನೆಂದು ಮೊದಲು ವಿವರಿಸಬೇಕು. ಜನರಿಂದ ಬಂದ ದೂರುಗಳನ್ನು ಸಿಬ್ಬಂದಿ ನೋಡಿ ವಿಲೇವಾರಿ ಮಾಡುವ ಒಂದು ವೆಬ್ ಪುಟ ಅದು. ಮೇಲ್ಭಾಗದಲ್ಲಿ "ಎಲ್ಲ", "ಬಾಕಿ", "ಮುಗಿದವು" ಎಂಬ ಮೂರು ಬಟನ್‌ಗಳಿವೆ. ಯಾವುದನ್ನು ಒತ್ತಿದರೆ ಆ ಬಗೆಯ ದೂರುಗಳ ಪಟ್ಟಿ ಕೆಳಗೆ ಬರಬೇಕು. "ಬಾಕಿ" ಒತ್ತಿ, ಪಟ್ಟಿ ಬರುವ ಮೊದಲೇ ಮನಸ್ಸು ಬದಲಿಸಿ "ಮುಗಿದವು" ಒತ್ತಿದರೆ, ಕೆಲವೊಮ್ಮೆ ಬಟನ್ ಮಾತ್ರ "ಮುಗಿದವು" ಎಂದು ಹೊಳೆಯುತ್ತಿರುತ್ತದೆ, ಕೆಳಗಿನ ಪಟ್ಟಿಯಲ್ಲಿ ಬಾಕಿ ಇರುವ ದೂರುಗಳು ಕುಳಿತಿರುತ್ತವೆ. ಪುಟವನ್ನು ರಿಫ್ರೆಶ್ ಮಾಡಿದರೆ ಎಲ್ಲವೂ ಸರಿಹೋಗುತ್ತದೆ. ಮೇಲ್ನೋಟಕ್ಕೆ ಇದು ಕಣ್ಣಿಗೆ ಕಿರಿಕಿರಿ ಮಾಡುವಷ್ಟೇ ದೋಷ. ಆದರೆ ಆ ಪಟ್ಟಿಯ ಮೇಲೆ "ಎಲ್ಲವನ್ನೂ ಆಯ್ಕೆ ಮಾಡಿ" ಎಂಬ ಚೌಕವಿದೆ, ಅದರ ಪಕ್ಕದಲ್ಲಿ "ಆರ್ಕೈವ್" ಬಟನ್ ಇದೆ. ಮುಗಿದ ದೂರುಗಳನ್ನು ವಾರಕ್ಕೊಮ್ಮೆ ಹೀಗೆ ಒಟ್ಟಾಗಿ ತೆಗೆದಿಡುವುದು ಸಿಬ್ಬಂದಿಯ ರೂಢಿ. ಆರ್ಕೈವ್ ಆಗುವುದು ಪರದೆಯ ಮೇಲೆ ಕಾಣುವ ಸಾಲುಗಳು. ಹೊಳೆಯುತ್ತಿರುವ ಬಟನ್ ಯಾವುದು ಎಂಬುದನ್ನು ಅದು ನೋಡುವುದಿಲ್ಲ.

ನನ್ನ ಮೊದಲ ವರದಿಯಲ್ಲಿ ಇದ್ಯಾವುದೂ ಇರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. "ಫಿಲ್ಟರ್ ಬದಲಿಸಿದಾಗ ಕೆಲವೊಮ್ಮೆ ತಪ್ಪು ಪಟ್ಟಿ ಬರುತ್ತದೆ" ಎಂದು ಬರೆದು, ತಪ್ಪಾದ ಪರದೆಯ ಒಂದು ಸ್ಕ್ರೀನ್‌ಶಾಟ್ ಅಂಟಿಸಿದ್ದೆ. ಎರಡು ಬಟನ್‌ಗಳ ನಡುವೆ ಎಷ್ಟು ಹೊತ್ತು ಬಿಟ್ಟೆ, ಎಷ್ಟು ಸಲಕ್ಕೆ ಎಷ್ಟು ಸಲ ಬಂತು, ಯಾವ ಸರ್ವರ್, ಯಾವ ಬಿಲ್ಡ್, ಒಂದೂ ಇಲ್ಲ. ಸ್ಕ್ರೀನ್‌ಶಾಟ್ ತಪ್ಪು ಆದದ್ದನ್ನು ತೋರಿಸುತ್ತದೆಯೇ ಹೊರತು ಅಲ್ಲಿಗೆ ತಲುಪುವ ದಾರಿಯನ್ನು ತೋರಿಸುವುದಿಲ್ಲ. "ಕೆಲವೊಮ್ಮೆ" ಎಂಬ ಪದವನ್ನು ಓದಿಯೂ ಒಬ್ಬರು ಹತ್ತು ಸಲ ಪ್ರಯತ್ನಿಸಿದ್ದಾರೆ ಎಂದರೆ ಅದು ಅವರ ಸೌಜನ್ಯ. ಇಷ್ಟು ನ್ಯಾಯವಾಗಿ ಯೋಚಿಸುವ ಬುದ್ಧಿ ಆ ಕ್ಷಣಕ್ಕೆ ಬರಲಿಲ್ಲವೆಂಬುದು ಬೇರೆ ಮಾತು.

ಆ ಕ್ಷಣಕ್ಕೆ ಬಂದದ್ದು ಸಿಟ್ಟು. ಸಿಟ್ಟಿನ ಜೊತೆಗೆ ಒಂದು ಲೆಕ್ಕ. ಟೆಸ್ಟ್ ಸರ್ವರ್‌ನಲ್ಲಿ ಕುಳಿತು 40 ಸಲ ಎಣಿಸಿ ಪ್ರಯತ್ನಿಸಿದೆ, 6 ಸಲ ದೋಷ ಕಾಣಿಸಿತು. ಅಂದರೆ ನೂರಕ್ಕೆ ಸುಮಾರು 15. ಹಾಗಿದ್ದರೆ ಒಂದು ಪ್ರಯತ್ನದಲ್ಲಿ ಕಾಣದಿರುವ ಸಾಧ್ಯತೆ 0.85, ಹತ್ತಕ್ಕೆ ಹತ್ತೂ ಸಲ ಕಾಣದಿರುವ ಸಾಧ್ಯತೆ 0.85ರ ಹತ್ತನೆಯ ಘಾತ, ಅದು ಹೆಚ್ಚುಕಡಿಮೆ 0.20. ಐದು ಜನ ಡೆವಲಪರ್‌ಗಳು ತಲಾ ಹತ್ತು ಸಲ ನೋಡಿದರೆ ಅವರಲ್ಲಿ ಒಬ್ಬರಿಗೆ ಏನೂ ಕಾಣದೇ ಹೋಗುವುದು ಸಾಮಾನ್ಯ. ಈ ಲೆಕ್ಕವನ್ನು ಉತ್ತರದ ಮೊದಲ ಕರಡಿನಲ್ಲಿ ಬರೆದೂ ಬಿಟ್ಟೆ. ಬರೆದಾಗ ಬಹಳ ಸಮಾಧಾನವಾಯಿತು. ಇಷ್ಟು ಸಮಾಧಾನ ಕೊಡುವ ವಾಕ್ಯವನ್ನು ಕಳುಹಿಸುವ ಮೊದಲು ಒಮ್ಮೆ ಅನುಮಾನಿಸಬೇಕು ಎಂಬುದು ಈ ಕೆಲಸದಲ್ಲಿ ನನಗಾದ ಅನುಭವ.

ಮರಳಿ ಓದಿದಾಗ ತಪ್ಪು ಕಂಡಿತು. ನಾವಿಬ್ಬರೂ ಒಂದೇ ಸ್ಥಿತಿಯಲ್ಲಿ ಪ್ರಯತ್ನಿಸಿದ್ದೇವೆ ಎಂದಾದರೆ ಮಾತ್ರ ನನ್ನ ಲೆಕ್ಕ ನಿಲ್ಲುತ್ತದೆ. ಅವರ ಟಿಪ್ಪಣಿಯಲ್ಲಿ "ಲೋಕಲ್‌ನಲ್ಲಿ" ಎಂದು ಸ್ಪಷ್ಟವಾಗಿತ್ತು. ಅವರ ಮಷೀನಿನಲ್ಲಿ ಈ ದೋಷದ ಪ್ರಮಾಣ ನೂರಕ್ಕೆ 15 ಆಗಿರಬೇಕೆಂದೇನೂ ಇಲ್ಲ, ಸೊನ್ನೆಯೇ ಆಗಿರಬಹುದು. ಹಾಗಿದ್ದರೆ ಅವರು ಸಾವಿರ ಸಲ ಒತ್ತಿದರೂ ಕಾಣುವುದಿಲ್ಲ, "ನೀವು ಸಾಕಷ್ಟು ಸಲ ಪ್ರಯತ್ನಿಸಲಿಲ್ಲ" ಎಂಬ ನನ್ನ ಸೂಚನೆ ತಪ್ಪೂ ಆಗುತ್ತದೆ, ಅವಮಾನವೂ ಆಗುತ್ತದೆ. ಆ ಕರಡನ್ನು ಅಳಿಸಿದೆ. ಅದರ ಬದಲು ಬೇರೊಂದು ಪ್ರಶ್ನೆ ಹಾಕಿಕೊಂಡೆ. ಅವರಿಗೆ ಕಾಣದಿರುವುದು ನಿಜ, ನನಗೆ ಕಂಡಿರುವುದೂ ನಿಜ; ಈ ಎರಡನ್ನೂ ಏಕಕಾಲಕ್ಕೆ ನಿಜವಾಗಿಸುವ ಕಾರಣ ಯಾವುದು?

ಅದಕ್ಕಾಗಿ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಫಲಕವನ್ನು ನೋಡುತ್ತ 40 ಪ್ರಯತ್ನಗಳನ್ನು ಮತ್ತೆ ಮಾಡಿದೆ. ಪ್ರತಿ ಸಲ "ಬಾಕಿ" ಒತ್ತಿ, ಸುಮಾರು ಅರ್ಧ ಸೆಕೆಂಡ್ ಬಿಟ್ಟು "ಮುಗಿದವು" ಒತ್ತುವುದು, ಪಟ್ಟಿ ಸರಿಯೋ ತಪ್ಪೋ ಗುರುತಿಸಿಕೊಳ್ಳುವುದು. ಈ ಸಲವೂ ತಪ್ಪು ಬಂದದ್ದು 6 ಬಾರಿ. ಅದು ಕಾಕತಾಳೀಯ, 4 ಅಥವಾ 9 ಬಂದಿದ್ದರೂ ಆಶ್ಚರ್ಯ ಪಡುತ್ತಿರಲಿಲ್ಲ. ಮುಗಿದ ಮೇಲೆ ಇಡೀ ದಾಖಲೆಯನ್ನು ಎಚ್‌ಎಆರ್ ಫೈಲ್ ಆಗಿ ಉಳಿಸಿದೆ. ಬ್ರೌಸರ್ ಕಳುಹಿಸಿದ ಪ್ರತಿಯೊಂದು ರಿಕ್ವೆಸ್ಟ್ ಯಾವಾಗ ಹೊರಟಿತು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಸರ್ವರ್ ಏನನ್ನು ಹಿಂದಿರುಗಿಸಿತು ಎಂಬುದೆಲ್ಲ ಆ ಫೈಲ್‌ನಲ್ಲಿ ಇರುತ್ತದೆ. startedDateTime ಎಂಬಲ್ಲಿ ಹೊರಟ ಹೊತ್ತು, time ಎಂಬಲ್ಲಿ ಹಿಡಿದ ಅವಧಿ. ಇವೆರಡನ್ನೂ ಕೂಡಿದರೆ ರೆಸ್ಪಾನ್ಸ್ ಬಂದು ಮುಟ್ಟಿದ ಹೊತ್ತು ಸಿಗುತ್ತದೆ.

ತಪ್ಪು ಬಂದ ಒಂದು ಪ್ರಯತ್ನದ ಕಥೆ ಹೀಗಿತ್ತು. "ಬಾಕಿ"ಯ ರಿಕ್ವೆಸ್ಟ್ 10:42:07.115ಕ್ಕೆ ಹೊರಟು 1836 ಮಿಲಿಸೆಕೆಂಡ್ ತೆಗೆದುಕೊಂಡಿತು, ಅಂದರೆ 10:42:08.951ಕ್ಕೆ ಬಂದಿತು. "ಮುಗಿದವು" 540 ಮಿಲಿಸೆಕೆಂಡ್ ತಡವಾಗಿ, 10:42:07.655ಕ್ಕೆ ಹೊರಟಿತು, ಆದರೆ ಬರೀ 212 ಮಿಲಿಸೆಕೆಂಡ್‌ನಲ್ಲಿ, 10:42:07.867ಕ್ಕೇ ಬಂದುಬಿಟ್ಟಿತು. ಮೊದಲು ಹೊರಟದ್ದು ಕೊನೆಗೆ ಬಂದಿತು, ಒಂದು ಸೆಕೆಂಡಿಗಿಂತ ಹೆಚ್ಚು ತಡವಾಗಿ. ಪುಟ ಮಾತ್ರ ಬಂದದ್ದನ್ನು ಬಂದ ಹಾಗೆ ಬರೆಯುತ್ತಿತ್ತು: ಮೊದಲು ಸರಿಯಾದ ಪಟ್ಟಿಯನ್ನು ತೋರಿಸಿ, ಒಂದು ಸೆಕೆಂಡಿನ ಬಳಿಕ ಅದರ ಮೇಲೆ ಹಳೆಯ ಪಟ್ಟಿಯನ್ನು ಹೊದಿಸಿತು. ನಾನು ಸ್ಕ್ರೀನ್‌ಶಾಟ್ ತೆಗೆದದ್ದು ಆ ಹೊದಿಕೆಯದ್ದು.

ಒಂದು ಪ್ರಯತ್ನದಲ್ಲಿ ಹೀಗಾಯಿತು ಎಂಬುದರಿಂದ ಇದೇ ಕಾರಣ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ನಲವತ್ತರ ಹೊತ್ತನ್ನೂ ಒಂದೊಂದಾಗಿ ಕೂಡಿ ನೋಡಿದೆ. ತಪ್ಪಾದ ಆರೂ ಪ್ರಯತ್ನಗಳಲ್ಲಿ "ಬಾಕಿ" ಕೊನೆಗೆ ಬಂದಿತ್ತು. ಸರಿಯಾಗಿದ್ದ ಮೂವತ್ತನಾಲ್ಕರಲ್ಲಿ ಒಂದರಲ್ಲೂ ಅದು ಕೊನೆಗೆ ಬಂದಿರಲಿಲ್ಲ. ಈ ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಮುಖ್ಯ. ತಪ್ಪು ಆದಲ್ಲೆಲ್ಲ ಒಂದು ಲಕ್ಷಣ ಇದೆ ಎಂದಷ್ಟೇ ತೋರಿಸಿದರೆ, ಸರಿ ಇದ್ದಲ್ಲೂ ಅದು ಇದ್ದಿರಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ಜಾಣ ಡೆವಲಪರ್ ಮೊದಲು ಕೇಳುವುದೂ ಅದನ್ನೇ. ಜೊತೆಗೆ ಇನ್ನೊಂದು ಸಂಗತಿಯೂ ಇದೇ ಫೈಲ್‌ನಿಂದ ಇತ್ಯರ್ಥವಾಯಿತು. status=completed ಎಂಬ ರಿಕ್ವೆಸ್ಟ್‌ಗೆ ಸರ್ವರ್ ಕಳುಹಿಸಿದ ಸಾಲುಗಳೆಲ್ಲವೂ ಮುಗಿದ ದೂರುಗಳೇ ಆಗಿದ್ದವು. ಸರ್ವರ್ ತಪ್ಪು ಹೇಳುತ್ತಿಲ್ಲ, ಬ್ರೌಸರ್‌ನ ಹಳೆಯ ಕ್ಯಾಶ್‌ನಿಂದಲೂ ಪಟ್ಟಿ ಬರುತ್ತಿಲ್ಲ. ತಪ್ಪು ಆಗುತ್ತಿರುವುದು ಪಟ್ಟಿಯನ್ನು ಪರದೆಗೆ ಬರೆಯುವ ಜಾಗದಲ್ಲಿ.

ಹಾಗಾದರೆ ಡೆವಲಪರ್‌ಗೆ ಏಕೆ ಕಾಣಲಿಲ್ಲ? ಟೆಸ್ಟ್ ಸರ್ವರ್‌ನಲ್ಲಿ ಬಾಕಿ ದೂರುಗಳು 4,200ಕ್ಕೂ ಹೆಚ್ಚು, ಮುಗಿದವು 60ರಷ್ಟು. "ಬಾಕಿ"ಯ ಪಟ್ಟಿ ಸಾಮಾನ್ಯವಾಗಿ 300ರಿಂದ 600 ಮಿಲಿಸೆಕೆಂಡ್‌ನಲ್ಲಿ ಬರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಒಂದೂವರೆ ಸೆಕೆಂಡ್ ದಾಟುತ್ತಿತ್ತು. ಹಾಗೆ ದಾಟಿದ ಸಲವಷ್ಟೇ ದೋಷ ಬರುತ್ತಿತ್ತು. ಲೋಕಲ್ ಡೇಟಾಬೇಸ್‌ಗೆ ತುಂಬಿಸುವ ಮಾದರಿ ದತ್ತಾಂಶದ ಫೈಲ್ ನಮ್ಮ ರಿಪಾಸಿಟರಿಯಲ್ಲೇ ಇದೆ. ಅದರಲ್ಲಿರುವುದು ಒಟ್ಟು 12 ದೂರುಗಳು. ಸರ್ವರ್ ಅದೇ ಮಷೀನಿನಲ್ಲಿ ಓಡುತ್ತಿರುತ್ತದೆ, ಆದ್ದರಿಂದ ಪಟ್ಟಿ ಬರಲು ಹತ್ತೋ ಇಪ್ಪತ್ತೋ ಮಿಲಿಸೆಕೆಂಡ್ ಸಾಕು. "ಬಾಕಿ" ಒತ್ತಿದ ಬೆರಳು "ಮುಗಿದವು" ತಲುಪುವಷ್ಟರಲ್ಲಿ ಮೊದಲ ಪಟ್ಟಿ ಬಂದು ಕುಳಿತು ಬಹಳ ಹೊತ್ತಾಗಿರುತ್ತದೆ. ಅವರು ಹತ್ತಲ್ಲ, ನೂರು ಸಲ ಒತ್ತಿದ್ದರೂ ಕಾಣುತ್ತಿರಲಿಲ್ಲ. ನನ್ನ 0.85ರ ಲೆಕ್ಕಕ್ಕೆ ಇಲ್ಲಿ ಯಾವ ಕೆಲಸವೂ ಇರಲಿಲ್ಲ.

ಕಾರಣ ತಿಳಿದ ಮೇಲೂ ಉತ್ತರ ಬರೆಯಲು ಕೂರಲಿಲ್ಲ. ನಾನು ಅಲ್ಲಿಯವರೆಗೆ ಕೂಡಿಟ್ಟದ್ದೆಲ್ಲ ನನ್ನ ಕಡೆಯ ಸಾಕ್ಷ್ಯ. ಡೆವಲಪರ್ ಅದನ್ನು ನಂಬಬೇಕು, ಅಷ್ಟೇ. ದೋಷ ಅವರ ಮಷೀನಿನಲ್ಲೇ ಎದ್ದು ನಿಲ್ಲುವಂತೆ ಮಾಡಿದರೆ ನಂಬುವ ಪ್ರಶ್ನೆಯೇ ಬರುವುದಿಲ್ಲ. ಮೊದಲು ಹೊಳೆದದ್ದು ಡೆವಲಪರ್ ಟೂಲ್ಸ್‌ನಲ್ಲೇ ಇರುವ ನಿಧಾನ ನೆಟ್‌ವರ್ಕ್‌ನ ಆಯ್ಕೆ. ಅದನ್ನು ಹಾಕಿ ಇಪ್ಪತ್ತು ಸಲ ನೋಡಿದೆ, ದೋಷ ಹೆಚ್ಚಾಗಲಿಲ್ಲ. ಸ್ವಲ್ಪ ಯೋಚಿಸಿದರೆ ಅದು ಸಹಜವೇ: ಆ ಆಯ್ಕೆ ಎಲ್ಲ ರಿಕ್ವೆಸ್ಟ್‌ಗಳನ್ನೂ ಒಂದೇ ಸಮ ನಿಧಾನಗೊಳಿಸುತ್ತದೆ, ಇಬ್ಬರೂ ಓಟಗಾರರ ಕಾಲಿಗೆ ಒಂದೇ ತೂಕ ಕಟ್ಟಿದಂತೆ. ನಮಗೆ ಬೇಕಾದದ್ದು ಒಬ್ಬನನ್ನಷ್ಟೇ ಹಿಡಿದು ನಿಲ್ಲಿಸುವುದು. ಅದಕ್ಕೆ ಬ್ರೌಸರ್‌ನ ಕನ್ಸೋಲ್‌ನಲ್ಲಿ ಅಂಟಿಸುವ ಕೆಲವೇ ಸಾಲುಗಳು ಸಾಕಾದವು.

```js
const mulaFetch = window.fetch;
window.fetch = async (url, opt) => {
  if (String(url).includes("status=pending"))
    await new Promise(r => setTimeout(r, 2000));
  return mulaFetch(url, opt);
};
```

ಪುಟ fetch ಎಂದು ಕರೆದಾಗಲೆಲ್ಲ ಮೊದಲು ನಮ್ಮ ಈ ಸಾಲುಗಳು ಓಡುತ್ತವೆ. ವಿಳಾಸದಲ್ಲಿ status=pending ಇದ್ದರೆ ಎರಡು ಸೆಕೆಂಡ್ ತಡೆದು, ಆಮೇಲೆ ಮೂಲ fetchಗೆ ಒಪ್ಪಿಸುತ್ತವೆ. ಉಳಿದ ರಿಕ್ವೆಸ್ಟ್‌ಗಳು ತಡೆಯಿಲ್ಲದೆ ಹೋಗುತ್ತವೆ. ಪುಟವನ್ನು ರಿಫ್ರೆಶ್ ಮಾಡಿದರೆ ಎಲ್ಲವೂ ಮೊದಲಿನಂತೆ. ಇದಕ್ಕೂ ಮಿತಿಗಳಿವೆ. ಪುಟ ತೆರೆದ ಕೂಡಲೇ ಮೂಲ fetchಅನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟುಕೊಳ್ಳುವ ಕೋಡ್ ಇದ್ದರೆ ಅಥವಾ ಹಳೆಯ XMLHttpRequest ಬಳಕೆಯಲ್ಲಿದ್ದರೆ ಇದು ನಾಟುವುದಿಲ್ಲ. ವಿಳಾಸವನ್ನು ಸಾದಾ ಪಠ್ಯವಾಗಿ ಕೊಡದೆ Request ಆಬ್ಜೆಕ್ಟ್ ಆಗಿ ಕೊಟ್ಟರೂ ಮೂರನೆಯ ಸಾಲು ಅದನ್ನು ಗುರುತಿಸುವುದಿಲ್ಲ. ನಮ್ಮ ಪುಟದಲ್ಲಿ ಈ ತೊಡಕುಗಳಿರಲಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು: ನಿಜವಾಗಿ ತಡವಾಗುವುದು ಸರ್ವರ್‌ನಲ್ಲಿ, ಇಲ್ಲಿ ತಡ ಮಾಡುತ್ತಿರುವುದು ಬ್ರೌಸರ್‌ನಲ್ಲೇ. ಪುಟದ ಕೋಡ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಏಕೆಂದರೆ ಅದು ಕರೆದ ಕ್ರಮವೂ ಉತ್ತರ ಸಿಕ್ಕ ಕ್ರಮವೂ ಎರಡು ಸಂದರ್ಭಗಳಲ್ಲೂ ಒಂದೇ. ಆದರೂ ಇದು ಕೃತಕ ಸ್ಥಿತಿ ಎಂದು ಉತ್ತರದಲ್ಲಿ ನಾನೇ ಹೇಳಿದರೆ ಒಳ್ಳೆಯದು. ಅವರು ಕಂಡುಹಿಡಿದು ಹೇಳುವಂತಾದರೆ ಉಳಿದ ಸಾಕ್ಷ್ಯದ ಮೇಲೂ ಅನುಮಾನ ಬೀಳುತ್ತದೆ.

ನನ್ನ ಮಷೀನಿನಲ್ಲಿ ಆ 12 ದೂರುಗಳ ಮಾದರಿ ದತ್ತಾಂಶವನ್ನೇ ತುಂಬಿಸಿ, ಈ ಸಾಲುಗಳನ್ನು ಅಂಟಿಸಿ ನೋಡಿದೆ. ಹತ್ತಕ್ಕೆ ಹತ್ತು ಸಲವೂ ಬಂದಿತು. ಆಗ ಬರೆದ ಉತ್ತರ ಇದು.

"ನಮಸ್ಕಾರ. ಈ ದೋಷವನ್ನು ಹತ್ತು ಸಲ ಪರೀಕ್ಷಿಸಿ ನೋಡಿದ್ದಕ್ಕೆ ಧನ್ಯವಾದಗಳು. ನನ್ನ ಮೊದಲ ವರದಿಯಲ್ಲಿ ಸರ್ವರ್, ಬಿಲ್ಡ್, ಹಂತಗಳು ಯಾವುವೂ ಇರಲಿಲ್ಲ. ಅದು ನನ್ನ ಲೋಪ. ಮಾದರಿ ದತ್ತಾಂಶವಿರುವ ಲೋಕಲ್‌ನಲ್ಲಿ ಇದು ಕಾಣುವುದಿಲ್ಲ ಎಂಬ ನಿಮ್ಮ ಮಾತು ಸರಿ, ನಾನೂ ಹಾಗೆಯೇ ಮಾಡಿ ನೋಡಿದೆ, ನನಗೂ ಕಾಣಲಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಮಾತ್ರ 40 ಪ್ರಯತ್ನಗಳಲ್ಲಿ 6 ಸಲ ಕಂಡಿತು. ಈ ವ್ಯತ್ಯಾಸದ ಕಾರಣ ಸಿಕ್ಕಿದೆ ಎಂದು ತೋರುವುದರಿಂದ ಟಿಕೆಟ್ ಅನ್ನು ಮತ್ತೆ ತೆರೆಯುತ್ತಿದ್ದೇನೆ.

ನಿಮ್ಮ ಲೋಕಲ್‌ನಲ್ಲೇ ನೋಡಲು: ದೂರುಗಳ ಪುಟವನ್ನು ತೆರೆದು, ಲಗತ್ತಿಸಿದ ಸಾಲುಗಳನ್ನು ಕನ್ಸೋಲ್‌ನಲ್ಲಿ ಅಂಟಿಸಿ. 'ಬಾಕಿ' ಒತ್ತಿ, ಒಂದು ಸೆಕೆಂಡಿನ ಒಳಗೆ 'ಮುಗಿದವು' ಒತ್ತಿ, ಮೂರು ಸೆಕೆಂಡ್ ಕಾಯಿರಿ. ಮೊದಲು ಸರಿಯಾದ ಪಟ್ಟಿ ಬಂದು, ಆಮೇಲೆ ಅದರ ಜಾಗದಲ್ಲಿ ಬಾಕಿ ದೂರುಗಳು ಕಾಣಿಸಿಕೊಳ್ಳಬೇಕು. ಈ ಸಾಲುಗಳು 'ಬಾಕಿ'ಯ ರಿಕ್ವೆಸ್ಟ್ ಅನ್ನು ಬೇಕೆಂದೇ ಎರಡು ಸೆಕೆಂಡ್ ತಡೆಯುತ್ತವೆ, ಆದ್ದರಿಂದ ಸ್ಥಿತಿ ಕೃತಕ; ಆದರೆ ಟೆಸ್ಟ್ ಸರ್ವರ್‌ನಲ್ಲಿ ತಡೆಯಿಲ್ಲದೆಯೇ ಇದೇ ಕ್ರಮ ಆಗುತ್ತಿರುವುದನ್ನು ಎಚ್‌ಎಆರ್ ಫೈಲ್‌ನಲ್ಲಿ ನೋಡಬಹುದು.

ನಾನು ಕಂಡದ್ದು: ದೋಷ ಬಂದ ಆರೂ ಸಲ 'ಬಾಕಿ'ಯ ರೆಸ್ಪಾನ್ಸ್ 'ಮುಗಿದವು'ದಕ್ಕಿಂತ ತಡವಾಗಿ ಬಂದಿದೆ; ದೋಷ ಬಾರದ 34 ಸಲವೂ ಮೊದಲೇ ಬಂದಿದೆ. ಸರ್ವರ್ ಕಳುಹಿಸಿದ ಪಟ್ಟಿಗಳು ಎಲ್ಲ ಸಲವೂ ಸರಿಯಾಗಿವೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ, ಖಾಸಗಿ ವಿಂಡೋದಲ್ಲೂ ಕಂಡಿದೆ. ನಾನು ಊಹಿಸುತ್ತಿರುವುದು: ತಡವಾಗಿ ಬಂದ ಹಳೆಯ ರೆಸ್ಪಾನ್ಸ್ ಹೊಸ ಪಟ್ಟಿಯನ್ನು ಅಳಿಸಿ ಬರೆಯುತ್ತಿರಬಹುದು. ಕೋಡ್ ಅನ್ನು ನಾನು ನೋಡಿಲ್ಲ, ಅದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ.

ಇದರ ತೀವ್ರತೆಯನ್ನು ಹೆಚ್ಚಿಸಿದ್ದೇನೆ. ತಪ್ಪು ಪಟ್ಟಿ ಇರುವಾಗ ಎಲ್ಲವನ್ನೂ ಆಯ್ಕೆ ಮಾಡಿ ಆರ್ಕೈವ್ ಒತ್ತಿದರೆ ಬಾಕಿ ದೂರುಗಳೇ ಆರ್ಕೈವ್ ಆಗುತ್ತವೆ. ಟೆಸ್ಟ್ ಸರ್ವರ್‌ನಲ್ಲಿ ಒಮ್ಮೆ ಮಾಡಿ ಖಚಿತಪಡಿಸಿಕೊಂಡಿದ್ದೇನೆ. ಮೇಲಿನ ಹಂತಗಳಲ್ಲೂ ನಿಮಗೆ ಕಾಣದಿದ್ದರೆ ಹತ್ತು ನಿಮಿಷ ಒಟ್ಟಿಗೆ ಕುಳಿತು ನೋಡೋಣ. ನನ್ನ ಹಂತಗಳಲ್ಲೇ ಏನೋ ಬಿಟ್ಟುಹೋಗಿರಬಹುದು."

ಈ ಉತ್ತರದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು "ಕಂಡದ್ದು" ಮತ್ತು "ಊಹಿಸುತ್ತಿರುವುದು" ಎಂಬ ಎರಡನ್ನು ಬೇರ್ಪಡಿಸುವುದರ ಮೇಲೆ. ಕಾರಣ ನನಗೆ ಬಹುಮಟ್ಟಿಗೆ ಖಚಿತವೇ ಆಗಿತ್ತು. ಆದರೆ ಟೆಸ್ಟರ್ ಒಬ್ಬರು ಊಹೆಯನ್ನು ಕಂಡದ್ದರ ಜೊತೆಗೆ ಬೆರೆಸಿ ಬರೆದಾಗ, ಡೆವಲಪರ್ ಊಹೆಯಲ್ಲಿ ಒಂದು ಸಣ್ಣ ತಪ್ಪು ಹಿಡಿದು ಇಡೀ ವರದಿಯನ್ನು ಪಕ್ಕಕ್ಕಿಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ಬೇರ್ಪಡಿಸಿದರೆ ಊಹೆ ಬಿದ್ದರೂ ಕಂಡದ್ದು ನಿಲ್ಲುತ್ತದೆ. ದುರಸ್ತಿ ಹೇಗೆ ಮಾಡಬೇಕೆಂದು ಬರೆಯದೇ ಬಿಟ್ಟದ್ದೂ ಇದೇ ಕಾರಣಕ್ಕೆ, ಅದನ್ನು ಬರೆಯುವ ಆಸೆ ಬಹಳ ಇತ್ತು.

"ಮತ್ತೆ ತೆರೆಯುತ್ತಿದ್ದೇನೆ" ಎಂಬ ವಾಕ್ಯದ ಬಗ್ಗೆಯೂ ಹಿಂದೆಮುಂದೆ ನೋಡಿದೆ. ಟಿಕೆಟ್ ಅನ್ನು ಮುಚ್ಚಿದ ಹಾಗೆಯೇ ಬಿಟ್ಟು, ತೆರೆಯುವ ತೀರ್ಮಾನವನ್ನು ಅವರಿಗೇ ಒಪ್ಪಿಸುವುದು ಹೆಚ್ಚು ವಿನಯ ಎಂದು ತೋರಬಹುದು. ಆದರೆ ಮುಚ್ಚಿದ ಟಿಕೆಟ್‌ನ ಕೆಳಗೆ ಬರೆದ ಟಿಪ್ಪಣಿ ಯಾರ ಕೆಲಸದ ಪಟ್ಟಿಯಲ್ಲೂ ಕಾಣುವುದಿಲ್ಲ. ಬರೆದವರಿಗೆ ಹೇಳಿದ ತೃಪ್ತಿ ಸಿಗುತ್ತದೆ, ಓದಬೇಕಾದವರಿಗೆ ಓದುವ ಅವಕಾಶ ಸಿಗುವುದಿಲ್ಲ. ತೆರೆಯುವುದು ಒರಟಾಗುವುದು ಕಾರಣ ಕೊಡದೆ ತೆರೆದಾಗ.

ಎಚ್‌ಎಆರ್ ಫೈಲ್ ಲಗತ್ತಿಸುವ ಮುನ್ನ ಮಾಡಲೇಬೇಕಾದ ಒಂದು ಕೆಲಸವನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ಫೈಲ್‌ನಲ್ಲಿ ಲಾಗಿನ್‌ನ ಕುಕೀಗಳು, Authorization ಹೆಡರ್‌ಗಳು ಇರಬಹುದು. ಅವು ಯಾರ ಕೈಗೆ ಸಿಕ್ಕರೂ ಆ ಸೆಷನ್ ಮುಗಿಯುವವರೆಗೆ ನನ್ನ ಹೆಸರಿನಲ್ಲಿ ಒಳಗೆ ಹೋಗಬಹುದು. ಕ್ರೋಮ್‌ನ ಈಚಿನ ಆವೃತ್ತಿಗಳಲ್ಲಿ ಇಂಥ ಸಂಗತಿಗಳನ್ನು ತೆಗೆದು ಉಳಿಸುವ ಆಯ್ಕೆ ಇದೆ. ಆದರೂ ಫೈಲ್ ಅನ್ನು ಪಠ್ಯವಾಗಿ ತೆರೆದು cookie, authorization ಎಂಬ ಪದಗಳನ್ನು ಹುಡುಕಿ ನೋಡುವ ಅಭ್ಯಾಸ ಬಿಟ್ಟಿಲ್ಲ. ರೆಸ್ಪಾನ್ಸ್‌ಗಳ ಒಳಗೆ ಇರುವ ಹೆಸರು, ಫೋನ್ ನಂಬರ್‌ಗಳನ್ನು ಬ್ರೌಸರ್ ತೆಗೆಯುವುದಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಇದ್ದದ್ದು ಕಲ್ಪಿತ ದೂರುಗಳಾದ್ದರಿಂದ ಆ ಚಿಂತೆ ಇರಲಿಲ್ಲ.

ಮಧ್ಯಾಹ್ನ ಉತ್ತರ ಹಾಕಿದ್ದೆ, ಸಂಜೆಯೊಳಗೆ ಡೆವಲಪರ್‌ರಿಂದ ಟಿಪ್ಪಣಿ ಬಂದಿತು: "ಬಂತು, ಮೊದಲ ಸಲಕ್ಕೇ. ನೋಡುತ್ತೇನೆ." ಮರುದಿನ ದುರಸ್ತಿಯೂ ಬಂದಿತು. ಆದರೆ ಅವರು ಮಾಡಿದ್ದ ದುರಸ್ತಿ ಬೇರೆ ಬಗೆಯದು. ಬಟನ್ ಒತ್ತಿದ ಕೂಡಲೇ ರಿಕ್ವೆಸ್ಟ್ ಕಳುಹಿಸದೆ 300 ಮಿಲಿಸೆಕೆಂಡ್ ಕಾಯುವುದು, ಅಷ್ಟರಲ್ಲಿ ಬೇರೆ ಬಟನ್ ಒತ್ತಿದರೆ ಹಿಂದಿನದನ್ನು ಕಳುಹಿಸದೇ ಬಿಡುವುದು. ಇದಕ್ಕೆ ಡಿಬೌನ್ಸ್ ಎನ್ನುತ್ತಾರೆ. ಅವರು ಎರಡು ಬಟನ್‌ಗಳನ್ನು ಪಟಪಟನೆ ಒತ್ತಿ ನೋಡಿದ್ದರು, ಆಗ ದೋಷ ಮಾಯವಾಗಿತ್ತು. ನಾನು ಅರ್ಧ ಸೆಕೆಂಡ್ ಬಿಟ್ಟು ಒತ್ತುತ್ತಿದ್ದೆ. 300 ಮಿಲಿಸೆಕೆಂಡ್ ಮುಗಿದು ಮೊದಲ ರಿಕ್ವೆಸ್ಟ್ ಹೊರಟು ಹೋದ ಮೇಲೆಯೇ ನನ್ನ ಎರಡನೆಯ ಒತ್ತು ಬೀಳುತ್ತಿತ್ತು. ತಡೆಯುವ ಸಾಲುಗಳನ್ನು ಅಂಟಿಸಿ ನೋಡಿದರೆ ಹತ್ತಕ್ಕೆ ಹತ್ತು ಸಲವೂ ದೋಷ ಹಾಗೆಯೇ ಇತ್ತು.

ಎಲ್ಲ ಸಲ ಬರುವ ಪರೀಕ್ಷೆ ಕೈಯಲ್ಲಿ ಇಲ್ಲದಿದ್ದರೆ ಈ ದುರಸ್ತಿಯನ್ನು ನಾನು ಒಪ್ಪಿಕೊಂಡಿರುತ್ತಿದ್ದೆ ಎಂಬ ಭಯ ಈಗಲೂ ಇದೆ. ಬರಿಗೈಯಲ್ಲಿ ಹತ್ತು ಸಲ ಒತ್ತಿ, ಏನೂ ಕಾಣದೆ, ಸರಿಹೋಗಿದೆ ಎಂದು ಬರೆಯುವ ಸಾಧ್ಯತೆ ಎಷ್ಟಿತ್ತೆಂಬುದಕ್ಕೆ ನಾನು ಅಳಿಸಿದ್ದ ಆ ಲೆಕ್ಕವೇ ಉತ್ತರ: ಐದರಲ್ಲಿ ಒಂದು. ಡೆವಲಪರ್‌ಗೆ ಕಳುಹಿಸಲು ಹೊರಟಿದ್ದ ಅಂಕಿ ಕೊನೆಗೆ ನನಗೇ ಅನ್ವಯಿಸಿತು. ಎರಡನೆಯ ಉತ್ತರ ಚಿಕ್ಕದಾಗಿತ್ತು. ಪಟಪಟನೆ ಒತ್ತಿದಾಗ ಈಗ ದೋಷ ಬರುವುದಿಲ್ಲ ಎಂಬುದನ್ನು ಮೊದಲು ಒಪ್ಪಿ, ಅರ್ಧ ಸೆಕೆಂಡಿನ ಅಂತರದಲ್ಲಿ ಬರುತ್ತಿದೆ ಎಂದು ಬರೆದು, ಅದೇ ಸಾಲುಗಳಿಂದ ನೋಡಬಹುದು ಎಂದಿದ್ದೆ.

ಅವರ ಎರಡನೆಯ ದುರಸ್ತಿ ಸರಳವಾಗಿತ್ತು. ಹೊರಡುವ ಪ್ರತಿ ರಿಕ್ವೆಸ್ಟ್‌ಗೂ ಒಂದು ಕ್ರಮಸಂಖ್ಯೆ, ರೆಸ್ಪಾನ್ಸ್ ಬಂದಾಗ ಅದರ ಸಂಖ್ಯೆ ಕೊನೆಯದಾಗಿ ಕಳುಹಿಸಿದ್ದಕ್ಕೆ ಹೊಂದದಿದ್ದರೆ ಪಟ್ಟಿಯನ್ನು ಮುಟ್ಟದೆ ಎಸೆಯುವುದು. ಈಗ ಎಷ್ಟು ತಡೆದರೂ ಹಳೆಯ ಪಟ್ಟಿ ಮೇಲೆ ಬಂದು ಕೂರಲಿಲ್ಲ. ಅಲ್ಲಿಗೇ ನಿಲ್ಲಿಸದೆ ತಡೆಯನ್ನು ಬದಲಿಸಿ ನೋಡಿದೆ: "ಬಾಕಿ"ಗೆ 1 ಸೆಕೆಂಡ್, "ಮುಗಿದವು"ಗೆ 3 ಸೆಕೆಂಡ್. ಈ ಸಲ ಬೇರೊಂದು ಸಂಗತಿ ಕಂಡಿತು. ಪಟ್ಟಿ ಬರುವವರೆಗೆ ಸಾಲುಗಳನ್ನು ಮರೆಮಾಡಿ ಸುತ್ತುತ್ತಿರುವ ಒಂದು ಚಕ್ರವನ್ನು ಪುಟ ತೋರಿಸುತ್ತದೆ. ಎಸೆಯಬೇಕಾದ "ಬಾಕಿ"ಯ ರೆಸ್ಪಾನ್ಸ್ ಬಂದಾಗ ಪಟ್ಟಿಯನ್ನು ಅದು ಬದಲಿಸಲಿಲ್ಲ, ಆದರೆ ಚಕ್ರವನ್ನು ನಿಲ್ಲಿಸಿತು. ಇನ್ನೂ ಎರಡೂವರೆ ಸೆಕೆಂಡ್ ಕಾಲ "ಮುಗಿದವು" ಎಂದು ಹೊಳೆಯುವ ಬಟನ್‌ನ ಕೆಳಗೆ, ಪುಟ ತೆರೆದಾಗ ಬಂದಿದ್ದ "ಎಲ್ಲ" ಪಟ್ಟಿ ಆಯ್ಕೆಗೆ ಸಿದ್ಧವಾಗಿ ಕುಳಿತಿತ್ತು, ಪಕ್ಕದಲ್ಲಿ ಆರ್ಕೈವ್ ಬಟನ್ ಸಮೇತ.

ಇದಕ್ಕೆ ಬೇರೆಯೇ ಟಿಕೆಟ್ ದಾಖಲಿಸಿದೆ, ಏಕೆಂದರೆ ಮೊದಲಿನದರಲ್ಲಿ ಕೇಳಿದ್ದ ದುರಸ್ತಿ ಆಗಿತ್ತು, ಅದನ್ನು ಮುಚ್ಚುವುದೇ ನ್ಯಾಯ. ಹೊಸ ವರದಿಯಲ್ಲಿ ಬಿಲ್ಡ್ ಸಂಖ್ಯೆ, ಎರಡು ತಡೆಗಳ ಅವಧಿ, ಒತ್ತುಗಳ ನಡುವಿನ ಅಂತರ, ಅಂಟಿಸಬೇಕಾದ ಸಾಲುಗಳು, ಕುಕೀ ತೆಗೆದ ಎಚ್‌ಎಆರ್ ಫೈಲ್, ಎಲ್ಲವೂ ಮೊದಲ ದಿನವೇ ಇದ್ದವು. ಡೆವಲಪರ್ ಅದನ್ನು ಮುಚ್ಚುವಾಗ ಬರೆದ ಟಿಪ್ಪಣಿ ಈ ಸಲವೂ ಎರಡೇ ಸಾಲಿನದು. ಚಕ್ರ ನಿಲ್ಲಿಸುವ ಮುನ್ನವೂ ಕ್ರಮಸಂಖ್ಯೆಯನ್ನು ನೋಡುವಂತೆ ಮಾಡಿದ್ದೇನೆ ಎಂಬುದು ಒಂದು. ಲೋಕಲ್‌ನ ಮಾದರಿ ದತ್ತಾಂಶಕ್ಕೆ ಐದು ಸಾವಿರ ದೂರುಗಳನ್ನು ಸೇರಿಸಿದ್ದೇನೆ ಎಂಬುದು ಇನ್ನೊಂದು.